"ಡೌನ್ ಪೇಮೆಂಟ್ ಕಡಿಮೆ ಕಟ್ಟಿ, ಉಳಿದದ್ದು ಎಫ್‌ಡಿ ಇಡಿ" ಎಂದರೆ ಒಪ್ಪುವ ಮೊದಲು ಇದನ್ನು ಓದಿ

ನಾನು ಬದಿಯಡ್ಕ ಕಡೆಯವನು. ಸ್ವಲ್ಪ ಅಡಿಕೆ ತೋಟ ಇದೆ, ಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಇದೆ. ಮೂರು ವರ್ಷದ ಹಿಂದೆ ಕಾರು ತೆಗೆದುಕೊಂಡೆ. ಆಗ ಮಾಡಿದ ಒಂದು ತಪ್ಪು ಲೆಕ್ಕಕ್ಕೆ ಇವತ್ತಿಗೂ ಕಂತು ಕಟ್ಟುತ್ತಿದ್ದೇನೆ. ಈಗ ಅಡಿಕೆ ಮಾರಿ ವಾಹನ ತೆಗೆಯಲು ಹೊರಟವರು ನಮ್ಮ ಕಡೆ ಸುಮಾರು ಮಂದಿ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಕಾರಿನ ಆನ್ ರೋಡ್ ಬೆಲೆ 9 ಲಕ್ಷ. ಅಡಿಕೆ ಮಾರಿದ ದುಡ್ಡು, ಹೆಂಡತಿಯ ಚಿಟ್ಟಿ ದುಡ್ಡು ಸೇರಿ ನನ್ನ ಕೈಯಲ್ಲಿ 3 ಲಕ್ಷ ಇತ್ತು. ಅಷ್ಟನ್ನೂ ಕಟ್ಟಿ 6 ಲಕ್ಷ ಸಾಲ ಮಾಡುವುದು ಎಂದು ಮನೆಯಲ್ಲಿ ಮಾತಾಡಿಕೊಂಡೇ ಹೋಗಿದ್ದೆ. ಶೋರೂಮಿನ ಹುಡುಗ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಬಹಳ ಪ್ರೀತಿಯಿಂದ ಮಾತಾಡಿದ. "ಸರ್, ಮೂರು ಲಕ್ಷ ಯಾಕೆ ಕಟ್ಟುವುದು? ಒಂದು ಲಕ್ಷ ಸಾಕು. ಉಳಿದ ಎರಡು ಲಕ್ಷ ಎಫ್‌ಡಿ ಇಡಿ. ನಿಮಗೇ ಲಾಭ" ಎಂದ. ಒಂದು ಚೀಟಿಯ ಹಿಂದೆ ಲೆಕ್ಕವನ್ನೂ ಬರೆದು ತೋರಿಸಿದ.

ಅವನ ಲೆಕ್ಕ ಹೀಗಿತ್ತು. ಬಡ್ಡಿ ವರ್ಷಕ್ಕೆ ಶೇ. 10, ಅವಧಿ 7 ವರ್ಷ, ಅಂದರೆ 84 ಕಂತು. 6 ಲಕ್ಷ ಸಾಲಕ್ಕೆ ತಿಂಗಳ ಕಂತು 9,961 ರೂಪಾಯಿ, ಒಟ್ಟು ಬಡ್ಡಿ ಸುಮಾರು 2,36,700. 8 ಲಕ್ಷಕ್ಕೆ ಕಂತು 13,281, ಒಟ್ಟು ಬಡ್ಡಿ ಸುಮಾರು 3,15,600. ಅಂದರೆ 2 ಲಕ್ಷ ಜಾಸ್ತಿ ಸಾಲಕ್ಕೆ ಜಾಸ್ತಿ ಬಡ್ಡಿ ಸುಮಾರು 79,000. ಅದೇ 2 ಲಕ್ಷವನ್ನು ಶೇ. 7ಕ್ಕೆ ಏಳು ವರ್ಷ ಎಫ್‌ಡಿ ಇಟ್ಟರೆ ಬಡ್ಡಿ 1,25,000 ಸಿಗುತ್ತದೆ. "ನೋಡಿ ಸರ್, 46,000 ನಿಮ್ಮ ಕೈಗೆ ಉಳಿಯಿತು" ಎಂದ.

ಒಂದೊಂದಾಗಿ ನೋಡಿದರೆ ಈ ಅಂಕಿಗಳೆಲ್ಲ ಸರಿಯೇ. ನಾನು ಫೋನಿನಲ್ಲೂ ಕೂಡಿಸಿ ನೋಡಿದೆ, ತಪ್ಪಿರಲಿಲ್ಲ. ಅದಕ್ಕೇ ನಂಬಿದೆ. 1 ಲಕ್ಷ ಕಟ್ಟಿ, ಇಂಗ್ಲಿಷಿನಲ್ಲಿದ್ದ ಕಾಗದಗಳಿಗೆ ಸಹಿ ಹಾಕಿ, 2 ಲಕ್ಷವನ್ನು ಎಫ್‌ಡಿ ಇಟ್ಟೆ.

ತಪ್ಪು ಎಲ್ಲಿದೆ ಎಂದು ತೋರಿಸಿದ್ದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಭಾವ. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಭಾವ, ಎಫ್‌ಡಿಯ ದುಡ್ಡು ಮುಟ್ಟದೆ ಬೆಳೆಯುತ್ತದೆ, ಸರಿ. ಆದರೆ ತಿಂಗಳಿಗೆ ಜಾಸ್ತಿ ಕಟ್ಟುವ 3,320 ರೂಪಾಯಿ ಎಲ್ಲಿಂದ ಬರುತ್ತದೆ?"

ಅದು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಬರುತ್ತಿತ್ತು. ಚೀಟಿಯ ಲೆಕ್ಕದಲ್ಲಿ ಅದು ಇರಲೇ ಇಲ್ಲ. 3 ಲಕ್ಷ ಡೌನ್ ಪೇಮೆಂಟ್ ಕಟ್ಟಿದ್ದರೆ ಆ 3,320 ತಿಂಗಳು ತಿಂಗಳು ನನ್ನ ಹತ್ತಿರವೇ ಉಳಿಯುತ್ತಿತ್ತು. ಅದನ್ನು ಅದೇ ಶೇ. 7ಕ್ಕೆ ಆರ್‌ಡಿ ಕಟ್ಟಿದ್ದರೆ 84 ತಿಂಗಳಿಗೆ ಸುಮಾರು 3,58,000 ಆಗುತ್ತದೆ. 2 ಲಕ್ಷದ ಎಫ್‌ಡಿ ಆಗುವುದು 3,25,000. ಆ ಹುಡುಗ 46,000 ಲಾಭ ಎಂದದ್ದು ನಿಜದಲ್ಲಿ 33,000 ನಷ್ಟ. ಶೇ. 10ಕ್ಕೆ ಸಾಲ ತಂದು ಶೇ. 7ಕ್ಕೆ ಇಟ್ಟರೆ ಬೇರೆ ಏನಾಗಲು ಸಾಧ್ಯ, ಅಲ್ವಾ? ಎಫ್‌ಡಿ ಬಡ್ಡಿಗೆ ತೆರಿಗೆ ಬೀಳುವವರಾದರೆ ಅಂತರ ಇನ್ನೂ ಜಾಸ್ತಿ.

ಭಾವ ಇನ್ನೊಂದು ಲೆಕ್ಕ ಹಾಕಿದರು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. 6 ಲಕ್ಷವನ್ನು ಏಳು ವರ್ಷದ ಬದಲು ಐದು ವರ್ಷಕ್ಕೆ ಮಾಡಿದ್ದರೆ ಕಂತು 12,748. ನಾನು ಈಗ ಕಟ್ಟುತ್ತಿರುವುದಕ್ಕಿಂತ ಕಡಿಮೆಯೇ. ಒಟ್ಟು ಬಡ್ಡಿ ಸುಮಾರು 1,64,900. ಅಂದರೆ ಹೆಚ್ಚುಕಡಿಮೆ ಅದೇ ಕಂತಿನಲ್ಲಿ ಸಾಲ ಎರಡು ವರ್ಷ ಮೊದಲೇ ಮುಗಿಯುತ್ತಿತ್ತು, ಬಡ್ಡಿಯಲ್ಲಿ ಒಂದೂವರೆ ಲಕ್ಷ ಉಳಿಯುತ್ತಿತ್ತು. ಇದರಲ್ಲಿ 79,000 ಡೌನ್ ಪೇಮೆಂಟಿನಿಂದ ಉಳಿಯುವುದು. ಉಳಿದ 72,000 ಅವಧಿ ಕಡಿಮೆಯಾದದ್ದರಿಂದ. ಹೆಚ್ಚು ಡೌನ್ ಪೇಮೆಂಟ್ ಕಟ್ಟಿದವರೂ ಎಷ್ಟೋ ಜನ ಕಂತು ಕಡಿಮೆಯಾಯಿತಲ್ಲ ಎಂಬ ಖುಷಿಯಲ್ಲಿ ಏಳು ವರ್ಷಕ್ಕೇ ಒಪ್ಪಿಬಿಡುತ್ತಾರೆ. ಆಗ ಈ ಎರಡನೆಯ ಉಳಿತಾಯ ಕೈ ತಪ್ಪುತ್ತದೆ.

ಇದು ಯಾಕೆ ಹೀಗೆ ಎಂಬುದು ಮೊದಲ ಕಂತಿನಲ್ಲೇ ಕಾಣುತ್ತದೆ. 8 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 6,667. ನಾನು ಕಟ್ಟಿದ 13,281ರಲ್ಲಿ ಅಸಲಿಗೆ ಹೋದದ್ದು 6,614 ಮಾತ್ರ. 6 ಲಕ್ಷವಾಗಿದ್ದರೆ ಬಡ್ಡಿ 5,000. ಐದು ವರ್ಷದ ಕಂತಿನಲ್ಲಿ 7,748 ಅಸಲಿಗೆ ಹೋಗುತ್ತಿತ್ತು. ಅಸಲು ಬೇಗ ಇಳಿದಷ್ಟೂ ಮುಂದಿನ ತಿಂಗಳ ಬಡ್ಡಿ ಇಳಿಯುತ್ತದೆ.

ಎಫ್‌ಡಿಯನ್ನು ಏಳು ವರ್ಷ ಮುಟ್ಟದೆ ಇಟ್ಟಿದ್ದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ಎರಡನೆಯ ಮಳೆಗಾಲಕ್ಕೆ ತೋಟಕ್ಕೆ ಕೊಳೆರೋಗ ಬಂತು. ಅರ್ಧದಷ್ಟು ಅಡಿಕೆ ಉದುರಿತು. ಅಂಗಡಿಯ ವ್ಯಾಪಾರವೂ ಇಳಿಯಿತು. ಕಂತಿನ ದಿನ ಬಂದಾಗ ಎಫ್‌ಡಿ ಮುರಿಯಬೇಕಾಯಿತು. ಅವಧಿಗೆ ಮೊದಲೇ ಮುರಿದದ್ದಕ್ಕೆ ಬಡ್ಡಿಯೂ ಕಡಿಮೆ ಸಿಕ್ಕಿತು. ಮುರಿದ ದುಡ್ಡು ಕಂತಿಗೆ, ಮಗಳ ಕಾಲೇಜು ಫೀಸಿಗೆ ಎಂದು ಹೋಗಿಬಿಟ್ಟಿತು.

ಮೂರು ವರ್ಷ, 36 ಕಂತು ಆದ ಮೇಲೆ ಕಾರು ಮಾರೋಣ ಎಂದು ಹೊರಟೆ. 5 ಲಕ್ಷಕ್ಕೆ ಒಬ್ಬರು ಒಪ್ಪಿದರು. ಸಾಲ ಎಷ್ಟು ಬಾಕಿ ಇದೆ ಎಂದು ವಿಚಾರಿಸಿದರೆ 5,23,600. ಅಷ್ಟರವರೆಗೆ ನಾನು ಕಟ್ಟಿದ್ದು 4,78,000, ಅದರಲ್ಲಿ 2 ಲಕ್ಷಕ್ಕೂ ಜಾಸ್ತಿ ಬಡ್ಡಿಗೇ ಹೋಗಿತ್ತು. ಅದಲ್ಲದೆ ನನ್ನ ಕರಾರಿನಲ್ಲಿ ಅವಧಿಗೆ ಮೊದಲು ಸಾಲ ಮುಗಿಸಿದರೆ ಬಾಕಿಯ ಮೇಲೆ ಶೇ. 4 ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಂದು ಬರೆದಿತ್ತು. ಸಹಿ ಹಾಕುವಾಗ ಅದನ್ನು ಯಾರೂ ಓದಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಾರು ಮಾರಿ, ಅದರ ಮೇಲೆ ಕೈಯಿಂದ 45,000ಕ್ಕೂ ಜಾಸ್ತಿ ಹಾಕದೆ ಎನ್‌ಒಸಿ ಸಿಗುವುದಿಲ್ಲ. ಎನ್‌ಒಸಿ ಇಲ್ಲದೆ ಆರ್‌ಸಿಯಲ್ಲಿರುವ ಸಾಲದ ಹೆಸರು ಹೋಗುವುದಿಲ್ಲ. ಕೊಳ್ಳುವವರು ಹಿಂದೆ ಸರಿದರು. 6 ಲಕ್ಷ, ಐದು ವರ್ಷದ ಸಾಲವಾಗಿದ್ದರೆ ಅದೇ ದಿನ ಬಾಕಿ ಸುಮಾರು 2,76,000 ಇರುತ್ತಿತ್ತು. ಶುಲ್ಕ ಕಟ್ಟಿದರೂ 2 ಲಕ್ಷ ಕೈಯಲ್ಲಿ ಉಳಿಯುತ್ತಿತ್ತು.

ಹಾಗಂತ ಕೈಯಲ್ಲಿದ್ದ ಕೊನೆಯ ರೂಪಾಯಿಯನ್ನೂ ಕಟ್ಟಿಬಿಡಿ ಎಂದು ಹೇಳುತ್ತಿಲ್ಲ. ನಮ್ಮಂಥವರಿಗೆ ಆದಾಯ ಬರುವುದು ಕೊಯ್ಲಿನ ಹೊತ್ತಿಗೆ. ನಾಲ್ಕೈದು ಕಂತಿನಷ್ಟು ದುಡ್ಡು ಬೇರೆ ಇಟ್ಟುಕೊಂಡು, ಅದಕ್ಕಿಂತ ಮೇಲಿನದ್ದನ್ನು ಕಟ್ಟಿ. ಲೆಕ್ಕಕ್ಕೆ ಚೀಟಿಯನ್ನು ನಂಬಬೇಡಿ. ಫೋನಿನ ಗೂಗಲ್ ಶೀಟ್ಸ್ ಆ್ಯಪ್‌ನ ಒಂದು ಖಾನೆಯಲ್ಲಿ ಹೀಗೆ ಟೈಪ್ ಮಾಡಿದರೆ ಕಂತು ತಾನಾಗಿ ಬರುತ್ತದೆ:

```
=PMT(10%/12,84,-800000)
=PMT(10%/12,60,-600000)
```

ಬಡ್ಡಿ, ತಿಂಗಳು, ಸಾಲ ಮೂರನ್ನೂ ನಿಮ್ಮದಕ್ಕೆ ಬದಲಿಸಿಕೊಳ್ಳಿ. ಬಂದ ಕಂತನ್ನು ತಿಂಗಳುಗಳಿಂದ ಗುಣಿಸಿ ಸಾಲ ಕಳೆದರೆ ಒಟ್ಟು ಬಡ್ಡಿ ಸಿಗುತ್ತದೆ.

ಕಾರು ಈಗಲೂ ನನ್ನ ಹತ್ತಿರವೇ ಇದೆ. ಈ ಸಲದ ಅಡಿಕೆ ದುಡ್ಡಿನಲ್ಲಿ 50,000 ಅಸಲಿಗೆ ಕಟ್ಟಿದೆ, ಶುಲ್ಕ ಜಿಎಸ್‌ಟಿ ಸೇರಿ 2,360 ಹೋಯಿತು. ಕಂತು ಕಡಿಮೆ ಮಾಡಬೇಕೋ, ಅವಧಿ ಕಡಿಮೆ ಮಾಡಬೇಕೋ ಎಂದು ಫಾರಂನಲ್ಲಿ ಕೇಳಿದ್ದರು. ಭಾವ ಪಕ್ಕದಲ್ಲೇ ಇದ್ದರು. ಅವಧಿ ಎಂದು ಗುರುತು ಹಾಕಿದೆ. 48 ಇದ್ದ ಕಂತು 43ಕ್ಕೆ ಇಳಿಯಿತು.