ಮೂರು ವರ್ಷ ಓಡಿದ 315 ಸಿಸಿ ಹೈಡ್ರಾಲಿಕ್ ಮೋಟಾರ್: ಕನ್ವೇಯರ್ ಮೇಲೆ ಕಂಡದ್ದು

ಜಲ್ಲಿ ಸಾಗಿಸುವ ಕನ್ವೇಯರ್‌ಗೆ ಗೇರ್‌ಬಾಕ್ಸ್ ಇಲ್ಲದೆ, ಡ್ರಮ್‌ನ ಶಾಫ್ಟ್‌ಗೆ ನೇರವಾಗಿ ಜೋಡಿಸಿದ ಆರ್ಬಿಟಲ್ ಮಾದರಿಯ ಮೋಟಾರೊಂದನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಒಂದು ಸುತ್ತಿಗೆ ಅದು 315 ಸಿಸಿ ಎಣ್ಣೆ ಕುಡಿಯುತ್ತದೆ; ಪಂಪ್ ನಿಮಿಷಕ್ಕೆ 20 ಲೀಟರ್ ಕೊಡುತ್ತದೆ; ಡ್ರಮ್‌ನ ವ್ಯಾಸ 400 ಮಿಲಿಮೀಟರ್. ಕೊಳ್ಳುವ ಮೊದಲು ನಾನು ಬಳಸಿದ ಸೂತ್ರಗಳು ಎರಡೇ:

```
n = 1000 × Q × ηv / V
T = Δp × V × ηm / (20π)
```

ಇಲ್ಲಿ Q ಎಂದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬ ಹರಿವು, V ಎಂದರೆ ಒಂದು ಸುತ್ತಿಗೆ ಬೇಕಾಗುವ ಸಿಸಿ, Δp ಎಂದರೆ ಬಾರ್‌ನಲ್ಲಿ ಒತ್ತಡದ ವ್ಯತ್ಯಾಸ; n ನಿಮಿಷದ ಸುತ್ತುಗಳು, T ನ್ಯೂಟನ್ ಮೀಟರ್‌ನಲ್ಲಿ ಟಾರ್ಕ್. ಎರಡು η ಗಳು ಸೋರಿಕೆಗೂ ಘರ್ಷಣೆಗೂ ಕಳೆದ ಮೇಲೆ ಉಳಿಯುವ ಪಾಲನ್ನು ಹೇಳುತ್ತವೆ. ಸೋರಿಕೆಗೆ ಶೇಕಡ 7 ಬಿಟ್ಟರೆ ನಿಮಿಷಕ್ಕೆ 59 ಸುತ್ತು, ಅಂದರೆ ಬೆಲ್ಟ್‌ಗೆ ಸೆಕೆಂಡಿಗೆ ಸುಮಾರು 1.24 ಮೀಟರ್ ವೇಗ ಬರುತ್ತದೆ. ಹೊಸದರಲ್ಲಿ ಟ್ಯಾಕೋಮೀಟರ್ ಹಿಡಿದು ನೋಡಿದಾಗಲೂ ಅಷ್ಟೇ ಬಂದಿತ್ತು.

ಟಾರ್ಕ್‌ನ ವಿಷಯದಲ್ಲಿ ಮಾತ್ರ ಪಂಪ್‌ನ ಗೇಜ್ ನನ್ನನ್ನು ಕೆಲವು ದಿನ ದಾರಿ ತಪ್ಪಿಸಿತು. ತುಂಬಿದ ಬೆಲ್ಟ್ ಓಡುವಾಗ ಅದು 112 ಬಾರ್ ತೋರಿಸುತ್ತಿತ್ತು, ನಾನು ಅಷ್ಟೂ ಒತ್ತಡ ಮೋಟಾರ್‌ಗೆ ಸಿಗುತ್ತಿದೆ ಎಂದುಕೊಂಡಿದ್ದೆ. ಆದರೆ ಮೋಟಾರ್‌ನ ಎರಡೂ ಬಾಯಿಗಳಲ್ಲಿ ಗೇಜ್ ಹಾಕಿ ನೋಡಿದಾಗ ಒಳಬಾಯಿಯಲ್ಲಿ 102, ಹೊರಬಾಯಿಯಲ್ಲಿ 8 ಬಾರ್ ಇತ್ತು. ವಾಲ್ವ್ ಮತ್ತು ಹೋಸ್‌ಗಳು 10 ಬಾರ್ ತಿಂದರೆ, ರಿಟರ್ನ್ ಲೈನ್ ಮತ್ತು ಫಿಲ್ಟರ್ ಮಿಕ್ಕ 8 ಬಾರನ್ನು ಹಿಂದಿನಿಂದ ತಳ್ಳುತ್ತಿದ್ದವು. ಹಾಗಾಗಿ ಕೆಲಸ ಮಾಡುತ್ತಿದ್ದ ವ್ಯತ್ಯಾಸ 94 ಬಾರ್ ಮಾತ್ರ. ಘರ್ಷಣೆಗೆ ಶೇಕಡ 15 ಕಳೆದರೆ ಇದು 400 ನ್ಯೂಟನ್ ಮೀಟರ್ ಆಗುತ್ತದೆ, ಡ್ರಮ್‌ನ 0.2 ಮೀಟರ್ ತ್ರಿಜ್ಯಕ್ಕೆ 2000 ನ್ಯೂಟನ್ ಎಳೆತ. ಒತ್ತಡವನ್ನು ಹುಟ್ಟಿಸುವುದು ಪಂಪ್ ಅಲ್ಲ, ಬೆಲ್ಟ್‌ನ ಮೇಲಿನ ಹೊರೆ. ಜಲ್ಲಿ ಇಳಿದ ಕೂಡಲೇ ಮುಳ್ಳು ಕೆಳಗಿಳಿಯುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ತುಂಬಿದ ಬೆಲ್ಟನ್ನು ನಿಂತಲ್ಲಿಂದ ಎಬ್ಬಿಸುವ ಕೆಲಸ. ಓಡುವ ಬೆಲ್ಟ್‌ಗೆ 400 ಸಾಕಾದರೂ ನಮ್ಮ ಬೆಲ್ಟ್ ಏಳಲು ಸುಮಾರು 600 ನ್ಯೂಟನ್ ಮೀಟರ್ ಬೇಕಿತ್ತು. ಇದರ ಮೇಲೆ, ನಿಂತ ಮೋಟಾರ್‌ನೊಳಗೆ ಎಣ್ಣೆಯ ಪದರ ಇನ್ನೂ ಕೂಡಿರುವುದಿಲ್ಲವಾದ್ದರಿಂದ ಅದರ ದಕ್ಷತೆ ಶೇಕಡ 75ರ ಆಸುಪಾಸಿಗೆ ಇಳಿಯುತ್ತದೆ. ರಿಲೀಫ್ ವಾಲ್ವ್ 140 ಬಾರ್‌ಗೆ ಇದ್ದಾಗ ಸಿಗುತ್ತಿದ್ದದ್ದು 526 ಮಾತ್ರ. ಬೆಲ್ಟ್ ಅಲುಗಲಿಲ್ಲ, ವಾಲ್ವ್ ಮಾತ್ರ ಕೀರಲು ದನಿಯಲ್ಲಿ ಕೂಗಿತು. ಹಾಗೆ ನಿಂತಿರುವಾಗ 20 ಲೀಟರ್ ಎಣ್ಣೆಯ ಬಹುಪಾಲು ರಿಲೀಫ್ ವಾಲ್ವ್ ಮೂಲಕವೇ ಟ್ಯಾಂಕ್‌ಗೆ ಮರಳುತ್ತದೆ, ಸುಮಾರು 4.7 ಕಿಲೋವ್ಯಾಟ್ ಬಿಸಿ ನೇರವಾಗಿ ಎಣ್ಣೆಗೆ ಸೇರುತ್ತದೆ. ಲೆಕ್ಕಕ್ಕೆ 160 ಬಾರ್ ಬೇಕಿತ್ತು. ಕ್ಯಾಟಲಾಗಿನಲ್ಲಿ ನಿರಂತರ ಮಿತಿ 175 ಎಂದಿದ್ದುದರಿಂದ 170ಕ್ಕೆ ಏರಿಸಿದೆವು, ಬೆಲ್ಟ್ ಎದ್ದಿತು. ವೇಗ ಹೆಚ್ಚಲಿ ಎಂದು ರಿಲೀಫ್ ವಾಲ್ವನ್ನು ತಿರುಗಿಸುವವರನ್ನು ಕಂಡಿದ್ದೇನೆ. ಅದು ಮುಚ್ಚಿಯೇ ಇರುವಾಗ ಆ ತಿರುಗಿಸುವಿಕೆಯಿಂದ ಒಂದು ಸುತ್ತೂ ಹೆಚ್ಚುವುದಿಲ್ಲ.

ಮೂರನೆಯ ವರ್ಷ ಅದೇ ಹೊರೆಯಲ್ಲಿ, ಅದೇ ಎಣ್ಣೆ ಬಿಸಿಯಲ್ಲಿ ವೇಗ 52ಕ್ಕೆ ಇಳಿಯಿತು. ಖಾಲಿ ಬೆಲ್ಟ್‌ನಲ್ಲಿ ಇಳಿಕೆ ಕಾಣುವಷ್ಟಿರಲಿಲ್ಲ. ಹೊರೆ ಬಿದ್ದಾಗಲೇ ಸುತ್ತು ಕುಸಿಯುತ್ತಿದ್ದುದರಿಂದ ಒಳಸೋರಿಕೆಯ ಮೇಲೆ ಸಂಶಯ ಬಂತು. ಪಂಪೇ ಸವೆದಿರಬಹುದು ಎಂದು ಮೋಟಾರ್‌ನ ಒಳಬಾಯಿಗೆ ಹರಿವಿನ ಮಾಪಕ ಹಾಕಿದಾಗ 19.4 ಲೀಟರ್ ಬರುತ್ತಿತ್ತು. 52 ಸುತ್ತಿಗೆ ಬೇಕಾದದ್ದು 16.4 ಲೀಟರ್, ಉಳಿದ ಮೂರು ಲೀಟರ್ ಮೋಟಾರ್‌ನೊಳಗೇ ನುಸುಳುತ್ತಿತ್ತು. ಡ್ರೈನ್ ಪೈಪಿನಲ್ಲಿ ಅಳತೆಪಾತ್ರೆ ಹಿಡಿದಾಗ ಸಿಕ್ಕಿದ್ದು ನಿಮಿಷಕ್ಕೆ 0.6 ಲೀಟರ್ ಮಾತ್ರ. ಅದನ್ನೇ ನಂಬಿದ್ದರೆ ಮೋಟಾರ್ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ, ಏಕೆಂದರೆ ಈ ಮಾದರಿಯಲ್ಲಿ ಸೋರಿಕೆಯ ದೊಡ್ಡ ಪಾಲು ಒಳಬಾಯಿಯಿಂದ ಹೊರಬಾಯಿಗೆ ಹಾಯುತ್ತದೆ, ಡ್ರೈನ್‌ಗೆ ಬರುವುದೇ ಇಲ್ಲ.

ಮೋಟಾರ್‌ನ ಬಗ್ಗೆ ನನಗೆ ದೂರಿಲ್ಲ. ಸೀಲ್‌ಗಳು ಒಮ್ಮೆಯೂ ಒಸರಿಲ್ಲ. ಆದರೆ ಇನ್ನೊಮ್ಮೆ ಕೊಳ್ಳುವುದಾದರೆ 400 ಸಿಸಿಯದನ್ನೇ ಆರಿಸುತ್ತೇನೆ: 126 ಬಾರ್‌ನಲ್ಲೇ ಅದೇ ಬೆಲ್ಟ್ ಏಳುತ್ತದೆ, ಆದರೆ 58 ಸುತ್ತು ಬೇಕಾದರೆ ಪಂಪ್ 25 ಲೀಟರ್ ಕೊಡಬೇಕು, ಹೋಸ್‌ಗಳೂ ಅದಕ್ಕೆ ತಕ್ಕಂತೆ ಅಗಲವಾಗಬೇಕು.