ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರ್ ಬಿಡಿಸುವವರು ಇದನ್ನು ಓದಿ: 77,880 ರೂಪಾಯಿಯ ಡಿಟೆನ್ಷನ್ ಬಿಲ್

ಪುಣೆಯ ಭೋಸರಿಯಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ ಇದೆ. ಯಂತ್ರದ ಬಿಡಿಭಾಗಗಳನ್ನು ವರ್ಷಕ್ಕೆ ನಾಲ್ಕೈದು ಬಾರಿ ಹೊರದೇಶದಿಂದ ತರಿಸುತ್ತೇನೆ. ಈ ಮಳೆಗಾಲದಲ್ಲಿ ಒಂದು 40 ಅಡಿ ಕಂಟೇನರ್ ಬಿಡಿಸುವಾಗ ಆದದ್ದನ್ನು ತಾರೀಖು ಸಮೇತ ಬರೆಯುತ್ತಿದ್ದೇನೆ. ಮುಂಬೈ, ಪುಣೆ ಕಡೆ ಇದೇ ಕೆಲಸ ಮಾಡುವ ನಮ್ಮವರು ಬಹಳ ಮಂದಿ ಇದ್ದೀರಿ. ನಾನು ಕಳೆದುಕೊಂಡ ಹಣ ನೀವು ಕಳೆದುಕೊಳ್ಳಬೇಡಿ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ನಾನೇ ಇದರಲ್ಲಿ ಗೊಂದಲಕ್ಕೆ ಬಿದ್ದಿದ್ದೆ. ಸರಕು ಬಂದರಿನಲ್ಲಿ ಹೆಚ್ಚು ದಿನ ಕೂತಿದ್ದಕ್ಕೆ ಬಂದರಿನವರು ಕೇಳುವುದು ಡೆಮರೇಜ್. ಬಂದರಿನ ಹೊರಗೆ ಕಸ್ಟಮ್ಸ್ ಕೆಲಸ ಮುಗಿಯುವವರೆಗೆ ಸರಕು ಇಡುವ ಸಿಎಫ್‌ಎಸ್‌ನವರು ಕೇಳುವುದು ಗ್ರೌಂಡ್ ರೆಂಟ್. ಹಡಗು ಕಂಪನಿ ತನ್ನ ಪೆಟ್ಟಿಗೆ ತಡವಾಗಿ ವಾಪಸು ಬಂತೆಂದು ಕೇಳುವುದು ಡಿಟೆನ್ಷನ್. ಕೆಲವು ಹಡಗು ಕಂಪನಿಗಳು ಡೆಮರೇಜ್, ಡಿಟೆನ್ಷನ್ ಎರಡೂ ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆದು ಬಿಲ್ ಕಳಿಸುತ್ತವೆ. ಯಾವುದಕ್ಕೆ ಯಾರ ಜೊತೆ ವಾದ ಮಾಡಬೇಕು ಎಂಬುದು ಅಲ್ಲೇ ಮರೆಯಾಗಿಬಿಡುತ್ತದೆ. ನನಗೆ ಬಂದದ್ದು ಡಿಟೆನ್ಷನ್.

ಕಂಟೇನರ್ ಹಡಗಿನಿಂದ ಇಳಿದದ್ದು ಜುಲೈ 3ರಂದು. ಡಿಟೆನ್ಷನ್ ಇಲ್ಲದೆ ಪೆಟ್ಟಿಗೆ ಇಟ್ಟುಕೊಳ್ಳಲು ನನಗಿದ್ದ ಫ್ರೀ ದಿನ ಏಳು. ಸಿಎಫ್‌ಎಸ್ ಸೇರಿದ ಮೇಲೆ ಎಣಿಕೆ ಶುರುವಾಗುತ್ತದೆ ಎಂದುಕೊಂಡಿದ್ದೆ. ಹಾಗಲ್ಲ, ಹಡಗಿನಿಂದ ಇಳಿದ ದಿನವೇ ಒಂದನೇ ದಿನ. ಆ ವಾರ ನಾಲ್ಕೈದು ಹಡಗುಗಳು ಒಟ್ಟಿಗೆ ಬಂದು ಟರ್ಮಿನಲ್ ಕಿಕ್ಕಿರಿದಿತ್ತು. ನನ್ನ ಪೆಟ್ಟಿಗೆ ಅಲ್ಲಿಂದ ಸಿಎಫ್‌ಎಸ್‌ಗೆ ಬಂದದ್ದು 8ಕ್ಕೆ. ಕಸ್ಟಮ್ಸ್ ತಪಾಸಣೆಗೆ ಗುರುತಾಗಿತ್ತು, ಸರಕು ಒಯ್ಯಲು ಕಸ್ಟಮ್ಸ್ ಕೊಡುವ ಅನುಮತಿ, ಅಂದರೆ ಔಟ್ ಆಫ್ ಚಾರ್ಜ್, ಸಿಕ್ಕಿದ್ದು 12ಕ್ಕೆ. 13ರಂದು ಪುಣೆಗೆ ಹೊರಟಿತು, 14ರಂದು ಖಾಲಿ ಮಾಡಿದೆವು, 15ರ ಬೆಳಿಗ್ಗೆ ಖಾಲಿ ಪೆಟ್ಟಿಗೆ ಹಡಗು ಕಂಪನಿ ಹೇಳಿದ ಯಾರ್ಡಿನ ಗೇಟಿನಲ್ಲಿತ್ತು.

ಆಗ ಡ್ರೈವರ್ ಫೋನ್ ಮಾಡಿದ. ವಿಜಯಪುರದ ಇಂಡಿ ಕಡೆಯ ಹುಡುಗ.

"ಸಾಹೇಬ್ರ, ಒಳಗ ಬಿಡವಲ್ರು. ಯಾರ್ಡ್ ತುಂಬೇತಂತ."

"ಅಲ್ಲೇ ಇರು ತಮ್ಮಾ. ಗೇಟಿಗೆ ಏನರೆ ಬೋರ್ಡ್ ಹಾಕ್ಯಾರೇನು? ಒಂದು ಫೋಟೊ ಹೊಡ್ದು ಕಳ್ಸು."

ಆ ಫೋಟೊ ನಾನು ದೂರಾಲೋಚನೆಯಿಂದ ಕೇಳಿದ್ದಲ್ಲ, ಬಾಯಿಗೆ ಬಂತು ಕೇಳಿದೆ. ಅವನು ಗೇಟಿನ ನೋಟಿಸ್, ಟ್ರೇಲರ್ ನಂಬರ್ ಪ್ಲೇಟ್, ಕಂಟೇನರ್ ನಂಬರ್ ಮೂರೂ ಕಾಣುವಂತೆ ತೆಗೆದು ಕಳಿಸಿದ. 16ರಂದು ನಮ್ಮ ಕಸ್ಟಮ್ಸ್ ಕೆಲಸ ನೋಡುವ ಏಜೆಂಟ್, ಅಂದರೆ ಸಿಎಚ್‌ಎ, ಹಡಗು ಕಂಪನಿಗೆ ಮೇಲ್ ಹಾಕಿದರು. ಯಾರ್ಡ್ ಭರ್ತಿಯಾಗಿದೆ, ಬೇರೆ ಯಾರ್ಡ್ ತಿಳಿಸುತ್ತೇವೆ ಎಂದು ಅವರಿಂದಲೇ ಉತ್ತರ ಬಂತು. 17ರಂದು ಎಲ್ಲ ಮಾತೂ ಫೋನಿನಲ್ಲೇ ಆಯಿತು. ಟ್ರೇಲರ್ ಕಳಂಬೋಲಿಯಲ್ಲಿ ನಿಂತಿತ್ತು. 18ಕ್ಕೆ ಬೇರೆ ಯಾರ್ಡ್ ಪೆಟ್ಟಿಗೆಯನ್ನು ತೆಗೆದುಕೊಂಡು, ಅದು ಮುಟ್ಟಿದ್ದಕ್ಕೆ ರಸೀದಿಯಾದ ಇಐಆರ್ ಕೊಟ್ಟಿತು.

ಬಿಲ್ ಬಂದದ್ದು ಹನ್ನೊಂದು ದಿನ ಬಿಟ್ಟು. ಜುಲೈ 3ರಿಂದ 18, ಒಟ್ಟು 16 ದಿನ. ಫ್ರೀ ಏಳು ಕಳೆದು ಒಂಬತ್ತು. ಮೊದಲ ಐದು ದಿನಕ್ಕೆ ದಿನಕ್ಕೆ 6,000 ರೂಪಾಯಿ, ಅಲ್ಲಿಂದ ಮುಂದೆ ದಿನಕ್ಕೆ 9,000. ಒಟ್ಟು 66,000, ಜಿಎಸ್‌ಟಿ ಶೇಕಡಾ 18 ಸೇರಿ 77,880. ನಾನಿಟ್ಟಿದ್ದ 50,000 ಡಿಪಾಸಿಟ್ ಅನ್ನು ನನ್ನನ್ನು ಕೇಳದೆ ಮುರಿದುಕೊಂಡು, ಉಳಿದ 27,880 ಕಟ್ಟಿ ಎಂದರು. ವಾದ ಮಾಡಲು ಹೋದರೆ ನನ್ನ ಮುಂದಿನ ಕಂಟೇನರ್ ಬಿಡಿಸಲು ಬೇಕಾದ ಡೆಲಿವರಿ ಆರ್ಡರ್, ಅಂದರೆ ಡಿಒ, ತಡೆದರು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಹಳೆಯ ಬಿಲ್ಲಿನ ನ್ಯಾಯ ಕೇಳುತ್ತಾ ಕೂತರೆ ಹೊಸ ಸರಕಿಗೆ ಸಿಎಫ್‌ಎಸ್‌ನಲ್ಲಿ ಬಾಡಿಗೆ ಏರುತ್ತದೆ. ಕಟ್ಟಲೇಬೇಕಾಯಿತು. ಆದರೆ ಕಟ್ಟುವ ಮೊದಲು ಸಿಎಚ್‌ಎ ಒಂದು ಒಳ್ಳೆಯ ಮಾತು ಹೇಳಿದರು: "ಅಂಡರ್ ಪ್ರೊಟೆಸ್ಟ್ ಕಟ್ಟುತ್ತಿದ್ದೇವೆ, ವಾಪಸು ಕೇಳುವ ಹಕ್ಕು ಬಿಟ್ಟಿಲ್ಲ ಅಂತ ಮೇಲ್ ಹಾಕಿ, ಆಮೇಲೆ ದುಡ್ಡು ಹಾಕಿ ಸರ್." ಹಾಗೇ ಮಾಡಿದೆ. ಆ ಸಾಲು ಇಲ್ಲದೆ ಕಟ್ಟಿದರೆ ಬಿಲ್ ಒಪ್ಪಿಕೊಂಡಂತೆ ಎಂದು ಹಡಗು ಕಂಪನಿಯವರು ವಾದಿಸುತ್ತಾರೆ.

ಆಮೇಲೆ 16 ದಿನಗಳನ್ನೂ ಒಂದೊಂದಾಗಿ ಬರೆದೆ: ಆ ದಿನ ಪೆಟ್ಟಿಗೆ ಯಾರ ಕೈಯಲ್ಲಿತ್ತು, ಅದಕ್ಕೆ ಯಾವ ಕಾಗದ ಸಾಕ್ಷಿ. ಹೀಗೆ ಬರೆದ ಮೇಲೆಯೇ ವಾದ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ನನಗೆ ಕಂಡಿತು.

ಗಟ್ಟಿಯಾದದ್ದು ಖಾಲಿ ಪೆಟ್ಟಿಗೆಯ ದಿನಗಳು. ತಾನೇ ಹೇಳಿದ ಯಾರ್ಡ್ ಪೆಟ್ಟಿಗೆ ತೆಗೆದುಕೊಳ್ಳದಿದ್ದರೆ, ವಾಪಸು ಕೊಡಲಿಲ್ಲ ಎಂದು ನನ್ನ ಮೇಲೆ ಬಿಲ್ ಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. 15, 16, 17 ಮೂರೂ ದಿನ ಕೇಳಿದೆ. ಎರಡು ದಿನ ಒಪ್ಪಿದರು. 17ಕ್ಕೆ ಬರಹದಲ್ಲಿ ಏನಿದೆ ಎಂದು ಕೇಳಿದರು, ನನ್ನಲ್ಲಿ ಏನೂ ಇರಲಿಲ್ಲ. ಒಪ್ಪಿದ ಎರಡು ದಿನಕ್ಕೂ ಮೊದಲು 6,000ದ ದರ ಹಿಡಿದು ಲೆಕ್ಕ ಹಾಕಿದ್ದರು. ಇದನ್ನು ಗಮನಿಸಿ. ಒಂಬತ್ತು ದಿನ ಏಳಾದರೆ ಹೋಗುವುದು ಕೊನೆಯ ಎರಡು ದಿನ, ಅಂದರೆ 9,000ದ ದಿನಗಳು. ಮೂರು ಮೇಲ್ ಆದ ಮೇಲೆ 18,000 ಮತ್ತು ಅದರ ಜಿಎಸ್‌ಟಿ ಸೇರಿ 21,240ಕ್ಕೆ ಕ್ರೆಡಿಟ್ ನೋಟ್ ಕೊಟ್ಟರು.

ಸೋತದ್ದು ಟರ್ಮಿನಲ್‌ನಲ್ಲಿ ಕಳೆದ ದಿನಗಳಲ್ಲಿ. ತಡ ಯಾರಿಂದಾದರೂ ಎಣಿಕೆ ನಿಲ್ಲದು ಎಂಬ ಷರತ್ತು ಹಡಗು ಕಂಪನಿಯ ಸಾಗಣೆ ಪತ್ರವಾದ ಬಿಎಲ್ ಹಿಂಬದಿಯಲ್ಲಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ಸಿಎಫ್‌ಎಸ್ ನೀವೇ ಆರಿಸಿದ್ದು, ಪೆಟ್ಟಿಗೆ ಸಾಗಿಸಬೇಕಾದದ್ದು ಅದರ ಟ್ರೇಲರ್ ಎಂದು ಬರೆದೆ. ಅದಕ್ಕೆ ಅವರ ಬಳಿ ಒಳ್ಳೆಯ ಉತ್ತರವಿರಲಿಲ್ಲ, ಆದರೆ ಹಣವನ್ನೂ ಬಿಡಲಿಲ್ಲ. ಹಡಗು ಬರುವ ಮೊದಲೇ ನನ್ನ ಆಯ್ಕೆಯ ಸಿಎಫ್‌ಎಸ್ ಹೆಸರು ಕೊಡುವುದು, ಅಥವಾ ಡಿಪಿಡಿ ಎಂಬ ವ್ಯವಸ್ಥೆಯಲ್ಲಿ ಟರ್ಮಿನಲ್‌ನಿಂದಲೇ ನೇರ ಎತ್ತುವುದು ನನ್ನ ಕೈಯಲ್ಲಿತ್ತು. ನಾನು ಮಾಡಿರಲಿಲ್ಲ.

ಇನ್ನು ಕಸ್ಟಮ್ಸ್ ದಿನಗಳು. 2018ರ ಸೀ ಕಾರ್ಗೋ ಮ್ಯಾನಿಫೆಸ್ಟ್ ಅಂಡ್ ಟ್ರಾನ್ಸ್‌ಶಿಪ್‌ಮೆಂಟ್ ರೆಗ್ಯುಲೇಷನ್ಸ್‌ನ 10ನೇ ನಿಯಮದಲ್ಲಿ ಒಂದು ಮಾತಿದೆ. ಆಮದು ಸರಕಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿಯಲ್ಲಿ ಬರೆದದ್ದನ್ನು ಪರಿಶೀಲಿಸಲು ಕಸ್ಟಮ್ಸ್ ಸರಕು ತಡೆಹಿಡಿದು, ಕೊನೆಗೆ ಬರೆದದ್ದು ಸರಿ ಎಂದು ಕಂಡರೆ, ಆ ಅವಧಿಗೆ ಹಡಗು ಕಂಪನಿ ಡಿಟೆನ್ಷನ್ ಕೇಳುವಂತಿಲ್ಲ. 60 ದಿನ ಮೀರಿದ ಮೇಲಷ್ಟೇ ಕೇಳಬಹುದು. ನನ್ನ ಸರಕಿನಲ್ಲಿ ಒಂದು ತಪ್ಪೂ ಸಿಗಲಿಲ್ಲ. ಆದರೂ ಮಾಮೂಲಿ ತಪಾಸಣೆ ತಡೆಹಿಡಿದಂತೆ ಆಗುವುದಿಲ್ಲ, ಕಸ್ಟಮ್ಸ್‌ನ ಪತ್ರ ತನ್ನಿ ಎಂದರು. ಔಟ್ ಆಫ್ ಚಾರ್ಜ್ ಸಿಕ್ಕ ದಿನವೇ ಆ ಪತ್ರಕ್ಕೆ ಅರ್ಜಿ ಕೊಡಬೇಕಿತ್ತು. ಬಿಲ್ ಬಂದ ಮೇಲೆ ಕೊಟ್ಟಿದ್ದೇನೆ, ಪತ್ರ ಇನ್ನೂ ಬಂದಿಲ್ಲ.

ಈಗಿನ ಕಂಟೇನರಿಗೆ 14 ಫ್ರೀ ದಿನ ಕೇಳಿದೆ. ಸಾಗಣೆ ಏರ್ಪಾಡು ಮಾಡುವ ಫಾರ್ವರ್ಡರ್ ಫೋನಿನಲ್ಲಿ "ಆಗುತ್ತೆ ಸರ್" ಎಂದರು. ಬಿಎಲ್ ಮೇಲೆ ಬರೆಯಿಸಿ, ಇಲ್ಲವೇ ಹಡಗು ಕಂಪನಿಯಿಂದಲೇ ಮೇಲ್ ತರಿಸಿ ಎಂದು ಕೂತೆ. ಎರಡು ದಿನ ತಡವಾಯಿತು, ಆದರೆ ಮೇಲ್ ಬಂತು. ಡ್ರೈವರ್ ಹುಡುಗನಿಗೂ ಹೇಳಿಟ್ಟಿದ್ದೇನೆ: ಗೇಟಿನಲ್ಲಿ ತಿರುಗಿಸಿ ಕಳಿಸಿದ ಪ್ರತಿ ದಿನಕ್ಕೂ ಒಂದು ಫೋಟೊ ಬೇಕು, ಅದು ಬಂದ ಗಂಟೆಯೊಳಗೆ ನಾನು ಹಡಗು ಕಂಪನಿಗೆ ಮೇಲ್ ಹಾಕುತ್ತೇನೆ.