ಹೈಡ್, ಡಿಲೀಟ್, ರಿಪೋರ್ಟ್: ಕಮೆಂಟ್ ಯಾರಿಗೆ ಕಾಣುತ್ತೆ, ಯಾರಿಗೆ ಕಾಣಲ್ಲ

ಇಳಕಲ್‌ನಲ್ಲಿ ನಮ್ಮ ಮಾಮಾನ ಸೀರೆ ಅಂಗಡಿ ಇದೆ, ಅದರ ಫೇಸ್‌ಬುಕ್ ಪೇಜ್ ನೋಡಿಕೊಳ್ಳೋದು ನಾನು. ಒಂದು ಸೀರೆಯ ಫೋಟೊ ಕೆಳಗೆ ಯಾರೋ “ರೇಷ್ಮಿ ಅಂತ ಹೇಳಿ ಚಮಕಾ ಸೆರಗು ಕೊಡ್ತಾರ” ಅಂತ ಬರೆದರು. ಚಮಕಾ ಅಂದರೆ ಕೃತಕ ರೇಷ್ಮೆ. “ತಗದ ಒಗಿ ಅದನ್ನ” ಅಂದ ಮಾಮಾ. ಒಗೆಯೋಕೆ ಮೂರು ದಾರಿ ಇವೆ. ಮೊದಲು ಗೆಳೆಯನ ಕೈಲಿ ಬೇರೆ ಪೋಸ್ಟಿಗೆ ಕಮೆಂಟ್ ಹಾಕಿಸಿ, ಮೂರನ್ನೂ ಮಾಡಿ, ಬೇರೆ ಬೇರೆಯವರ ಮೊಬೈಲ್‌ನಲ್ಲಿ ನೋಡಿದೆ.

ಹೈಡ್ ಮಾಡಿದಾಗ ಪೇಜ್ ನಡೆಸುವ ನನಗೆ ಆ ಕಮೆಂಟ್ ಮಸುಕಾಗಿ ಕಂಡಿತು. ಬರೆದ ಗೆಳೆಯನಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಅಲ್ಲೇ ಇತ್ತು, ಅವನಿಗೆ ನೋಟಿಫಿಕೇಶನ್ನೂ ಹೋಗಲಿಲ್ಲ. ಅವನ ಫ್ರೆಂಡ್ ಲಿಸ್ಟಿನಲ್ಲಿ ಇರುವವರಿಗೂ ಕಂಡಿತು. ಅವನ ಪರಿಚಯವೇ ಇಲ್ಲದ ಪುಣೆಯ ಗಿರಾಕಿಗೆ ಮಾತ್ರ ಕಾಣಲಿಲ್ಲ. ಸಣ್ಣ ಊರಿನ ಅಂಗಡಿಗೆ ಇದೇ ತೊಡಕು. ಇಳಕಲ್, ಹುನಗುಂದದ ಕಡೆ ಬರೆದವರ ಫ್ರೆಂಡ್‌ಗಳೇ ನಮ್ಮ ಗಿರಾಕಿಗಳು. ಯಾರಿಂದ ಮುಚ್ಚಿಡಬೇಕೋ ಅವರಿಗೇ ಅದು ಕಾಣುತ್ತಿರುತ್ತದೆ, ಮೇಲಾಗಿ ನಾವು ಉತ್ತರ ಕೊಟ್ಟಿಲ್ಲ ಅನ್ನೋದೂ ಕಾಣುತ್ತದೆ. ಅದೇ ಕಮೆಂಟ್ ಬೆಂಗಳೂರಿನವರು ಬರೆದಿದ್ದರೆ ಊರಿನ ಹೆಚ್ಚಿನವರ ಕಣ್ಣಿಗೆ ಬೀಳುತ್ತಿರಲಿಲ್ಲ. ಸುಮ್ಮನೆ ಬೈಯುವವರಿಗೆ ಮಾತ್ರ ಹೈಡ್ ಸಾಕು: ತನ್ನ ಮಾತು ಅಲ್ಲೇ ಇದೆ ಅಂದುಕೊಂಡು ಮತ್ತೆ ಜಗಳಕ್ಕೆ ಬರುವುದಿಲ್ಲ. ಬೇಕಾದಾಗ ಅನ್‌ಹೈಡ್ ಮಾಡಲೂಬಹುದು.

ಡಿಲೀಟ್ ಮಾಡಿದರೆ ಎಲ್ಲರಿಗೂ ಹೋಯಿತು, ಬರೆದವರಿಗೂ. ಅದರ ಕೆಳಗಿನ ಉತ್ತರಗಳೂ ಜೊತೆಗೇ ಹೋಗುತ್ತವೆ. ನಾವು ಸಮಾಧಾನವಾಗಿ ವಿವರಿಸಿದ್ದರೆ ಅದೂ ಮಾಯ. ಬರೆದವರಿಗೆ ಸುದ್ದಿ ಹೋಗುವುದಿಲ್ಲ, ಆದರೆ ಬಂದು ನೋಡಿದರೆ ಗೊತ್ತಾಗುತ್ತದೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಅದು ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಲು ಶುರು.

ರಿಪೋರ್ಟ್ ಅಂದರೆ ತೆಗೆಯುವುದಲ್ಲ. ಕಮೆಂಟ್ ತಮ್ಮ ನಿಯಮ ಮೀರಿದೆಯೋ ಇಲ್ಲವೋ ಅಂತ ಫೇಸ್‌ಬುಕ್‌ನವರು ನೋಡುತ್ತಾರೆ, ತೀರ್ಮಾನ ಆಗುವ ತನಕ ಅದು ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ರಿಪೋರ್ಟ್ ಮಾಡಿದ್ದು ಯಾರು ಅಂತ ಬರೆದವರಿಗೆ ಹೇಳುವುದಿಲ್ಲ. ಸೆರಗು ರೇಷ್ಮೆಯೋ ಚಮಕಾವೋ ಅನ್ನೋ ದೂರು ಯಾವ ನಿಯಮವನ್ನೂ ಮುರಿಯಲ್ಲ, ಅದನ್ನು ರಿಪೋರ್ಟ್ ಮಾಡಿ ಪ್ರಯೋಜನವಿಲ್ಲ. ಆದರೆ “ಮನೆಯಲ್ಲೇ ಕೂತು ಸಾಲ ಪಡೆಯಿರಿ” ಅಂತ ನಂಬರ್ ಹಾಕುವವರ ಮೇಲೆ ಇದನ್ನೇ ಬಳಸಬೇಕು. ಮೊದಲು ರಿಪೋರ್ಟ್, ಆಮೇಲೆ ಡಿಲೀಟ್. ಮೊದಲೇ ಡಿಲೀಟ್ ಮಾಡಿದರೆ ರಿಪೋರ್ಟ್ ಮಾಡಲು ಕಮೆಂಟೇ ಇರುವುದಿಲ್ಲ.

ಮಾಮಾನ ಸೀರೆಯ ಕಮೆಂಟನ್ನು ಹಾಗೇ ಬಿಟ್ಟೆ. ಕೆಳಗೆ “ನಮ್ಮಲ್ಲಿ ಎರಡೂ ಸೆರಗಿನ ಸೀರಿ ಅದಾವ್ರಿ. ಫೋಟೊದಾಗಿಂದು ಚಮಕಾ, ರೇಷ್ಮಿದ್ದು ಬ್ಯಾರೆ, ರೇಟೂ ಬ್ಯಾರೆ” ಅಂತ ಬರೆದು, ಎರಡರ ಫೋಟೊನೂ ಹಾಕಿದೆ. ಪೋಸ್ಟಿನಲ್ಲೂ ಯಾವ ಸೆರಗು ಅಂತ ಸೇರಿಸಿದೆ. “ಅವನ್ನ ಬ್ಲಾಕ್ ಮಾಡಿಬಿಡು” ಅಂತ ಮಾಮಾ ಇನ್ನೂ ಅಂತಿರುತ್ತಾನೆ. ಪೇಜ್‌ನಿಂದ ಬ್ಲಾಕ್ ಮಾಡಿದರೂ ಅವನು ಅದನ್ನೇ ತನ್ನ ಗೋಡೆಯ ಮೇಲೆ ಬರೆಯಬಹುದು, ಅಲ್ಲಿ ನನ್ನ ಕೈಲಿ ಯಾವ ಬಟನ್ನೂ ಇರುವುದಿಲ್ಲ.